ಡಾಲರ್ ಮುಟ್ಟದೆಯೇ ಯೂರೋ ಬಿದ್ದದ್ದು ಹೇಗೆ?

ಪ್ರಶ್ನೆ: 2015ರಲ್ಲಿ ಯುರೋಪಿನ ಕೇಂದ್ರ ಬ್ಯಾಂಕ್ ದೊಡ್ಡ ಮೊತ್ತದ ಬಾಂಡ್ ಖರೀದಿಗೆ ಇಳಿದಾಗ ಯೂರೋ ಬಿತ್ತು ಎಂದು ಓದಿದ್ದೇನೆ. ಆದರೆ ಬ್ಯಾಂಕ್ ಕೊಂಡದ್ದು ತನ್ನದೇ ವಲಯದ ಬಾಂಡ್, ಕೊಟ್ಟದ್ದು ಯೂರೋ. ಡಾಲರನ್ನು ಅದು ಮುಟ್ಟಲೇ ಇಲ್ಲ. ಹಾಗಿದ್ದ ಮೇಲೆ ಡಾಲರ್ ಎದುರು ಯೂರೋ ಯಾಕೆ ಬೀಳಬೇಕು? ಹಣ ಹೆಚ್ಚು ಸೃಷ್ಟಿಯಾದರೆ ಅದರ ಬೆಲೆ ಇಳಿಯುತ್ತದೆ ಎನ್ನುವುದಷ್ಟೇ ಉತ್ತರವಾದರೆ, ಅದೇ ಖರೀದಿ ನಡೆಯುತ್ತಲೇ ಇದ್ದ 2017ರಲ್ಲಿ ಯೂರೋ ಏರಿದ್ದು ಹೇಗೆ?

ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಇಡೀ ವಿಷಯದ ಕೀಲಿ ಇದೆ. ಹಣದ ಪ್ರಮಾಣವೊಂದೇ ಕಾರಣವಾಗಿದ್ದರೆ ಖರೀದಿ ನಡೆದ ಅಷ್ಟೂ ತಿಂಗಳು ಯೂರೋ ಇಳಿಯುತ್ತಲೇ ಇರಬೇಕಿತ್ತು. ಹಾಗಾಗಲಿಲ್ಲ. ಕೇಂದ್ರ ಬ್ಯಾಂಕ್ ಬಾಂಡ್ ಕೊಂಡಾಗ ನಿಜವಾಗಿ ಇಳಿಯುವುದು ಆ ಕರೆನ್ಸಿಯನ್ನು ವರ್ಷಗಟ್ಟಲೆ ಇಟ್ಟುಕೊಂಡವರಿಗೆ ಸಿಗುವ ಆದಾಯ. ಆದಾಯ ಇಳಿದರೆ ಹಣ ಇಟ್ಟವರು ಬೇರೆ ಕಡೆ ನೋಡುತ್ತಾರೆ, ಅವರು ನೋಡಿದ್ದರಿಂದ ವಿನಿಮಯ ದರ ಬಾಗುತ್ತದೆ. ಈ ಲೆಕ್ಕವನ್ನು ಮಾರುಕಟ್ಟೆ ಹಾಕುವುದು ಖರೀದಿ ನಡೆಯಲಿದೆ ಎಂಬ ಸುಳಿವು ಸಿಕ್ಕ ದಿನ. ಖರೀದಿ ನಡೆಯುವ ದಿನದ ಹೊತ್ತಿಗೆ ಆ ಲೆಕ್ಕ ಹಳತಾಗಿರುತ್ತದೆ.

ಮೊದಲು ಒಂದೇ ಒಂದು ಖರೀದಿಯನ್ನು ಹಿಂಬಾಲಿಸೋಣ. ಜರ್ಮನಿಯ ಒಂದು ಪಿಂಚಣಿ ನಿಧಿಯ ಬಳಿ 10 ಕೋಟಿ ಯೂರೋ ಬೆಲೆಯ ಹತ್ತು ವರ್ಷದ ಸರ್ಕಾರಿ ಬಾಂಡ್ ಇದೆ ಎಂದುಕೊಳ್ಳಿ. ಕೇಂದ್ರ ಬ್ಯಾಂಕ್ ಅದನ್ನು ಕೊಳ್ಳುತ್ತದೆ. ನಿಧಿಯ ಬ್ಯಾಂಕ್ ಖಾತೆಗೆ 10 ಕೋಟಿ ಜಮಾ ಆಗುತ್ತದೆ. ಆ ಬ್ಯಾಂಕು ಕೇಂದ್ರ ಬ್ಯಾಂಕಿನಲ್ಲಿ ಇಟ್ಟಿರುವ ಮೀಸಲು ಖಾತೆಗೂ 10 ಕೋಟಿ ಸೇರುತ್ತದೆ. ಒಂದೇ ಒಂದು ನೋಟು ಅಚ್ಚಾಗಲಿಲ್ಲ, ನಿಧಿ ಶ್ರೀಮಂತವೂ ಆಗಲಿಲ್ಲ. ಮೊದಲೂ ಅದರ ಆಸ್ತಿ 10 ಕೋಟಿಯದೇ, ಈಗಲೂ ಅಷ್ಟೇ. ಬದಲಾದದ್ದು ಆಸ್ತಿಯ ರೂಪ. ಹತ್ತು ವರ್ಷ ನಿಗದಿತ ಬಡ್ಡಿ ಕೊಡುವ ಕಾಗದ ಹೋಗಿ, ಯಾವಾಗ ಬೇಕಾದರೂ ತೆಗೆಯಬಹುದಾದ ಠೇವಣಿ ಬಂದಿದೆ. 2015ರ ಆರಂಭದಲ್ಲಿ ಬ್ಯಾಂಕುಗಳು ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನಲ್ಲಿ, ಅಂದರೆ ಇಸಿಬಿಯಲ್ಲಿ, ಹೆಚ್ಚುವರಿ ಹಣ ಇಟ್ಟರೆ ಸಿಗುತ್ತಿದ್ದ ದರ ಮೈನಸ್ ಶೇ 0.20. ಅಂದರೆ ಇಟ್ಟ ಹಣಕ್ಕೆ ಇಟ್ಟವರೇ ದುಡ್ಡು ತೆರಬೇಕಿತ್ತು.

ಪಿಂಚಣಿ ನಿಧಿ ಈ ಹಣವನ್ನು ಹಾಗೇ ಬಿಟ್ಟು ಕೂರುವಂತಿಲ್ಲ. ಇಪ್ಪತ್ತು, ಮೂವತ್ತು ವರ್ಷ ಕೊಡಬೇಕಾದ ಪಿಂಚಣಿಯ ಹೊಣೆ ಅದರ ತಲೆಯ ಮೇಲಿದೆ. ಅದು ಮತ್ತೆ ದೀರ್ಘಾವಧಿಯ ಕಾಗದ ಹುಡುಕುತ್ತದೆ. ಮತ್ತೊಂದು ಜರ್ಮನ್ ಬಾಂಡ್ ಕೊಳ್ಳಲು ಹೋದರೆ ಅದೇ ಬಾಂಡಿಗೆ ಕೇಂದ್ರ ಬ್ಯಾಂಕೂ ಪೈಪೋಟಿಗೆ ನಿಂತಿದೆ, ಬೆಲೆ ಏರಿದೆ, ಬೆಲೆ ಏರಿದ್ದರಿಂದ ಇಳುವರಿ, ಅಂದರೆ ಕೊಟ್ಟ ಬೆಲೆಗೆ ವರ್ಷಕ್ಕೆ ಸಿಗುವ ಆದಾಯ, ಕುಸಿದಿದೆ. ಆಗ ಕೆಲವರು ಕಂಪನಿಗಳ ಬಾಂಡ್ ಕಡೆ ಹೋಗುತ್ತಾರೆ, ಕೆಲವರು ಇಟಲಿ, ಸ್ಪೇನ್ ಬಾಂಡುಗಳ ಕಡೆ, ಕೆಲವರು ಷೇರುಗಳ ಕಡೆ. ಇನ್ನು ಕೆಲವರ ಕಣ್ಣು ಅಟ್ಲಾಂಟಿಕ್ ದಾಟುತ್ತದೆ. 2015ರ ಜನವರಿಯಲ್ಲಿ ಹತ್ತು ವರ್ಷದ ಜರ್ಮನ್ ಬಾಂಡ್ ಸುಮಾರು ಶೇ 0.5 ಕೊಡುತ್ತಿದ್ದರೆ ಅಷ್ಟೇ ಅವಧಿಯ ಅಮೆರಿಕದ ಬಾಂಡ್ ಶೇ 1.8ರ ಆಸುಪಾಸಿನಲ್ಲಿ ಕೊಡುತ್ತಿತ್ತು. ಅದನ್ನು ಕೊಳ್ಳಬೇಕಾದರೆ ಯೂರೋ ಮಾರಿ ಡಾಲರ್ ತೆಗೆದುಕೊಳ್ಳಬೇಕು. ಕೇಂದ್ರ ಬ್ಯಾಂಕ್ ಮುಟ್ಟದ ಡಾಲರನ್ನು ಅದರಿಂದ ಹಣ ಪಡೆದವರು ಮುಟ್ಟುವುದು ಇಲ್ಲಿ.

ಇಲ್ಲಿ ಬಹಳ ಜನ ಒಂದು ಹೆಜ್ಜೆ ತಪ್ಪಿಡುತ್ತಾರೆ. ‘ಹೊಸ ಯೂರೋ ಎಲ್ಲ ಹೊರದೇಶಕ್ಕೆ ಹರಿದು ಹೋಯಿತು’ ಎಂದು ಬರೆಯುವವರಿದ್ದಾರೆ. ಹರಿದು ಹೋಗುವುದು ಸಾಧ್ಯವೇ ಇಲ್ಲ. ನಿಧಿ ಯೂರೋ ಮಾರಿದರೆ ಅದನ್ನು ಕೊಂಡವರು ಒಬ್ಬರು ಇರಲೇಬೇಕು. ಆ ಯೂರೋ ಈಗ ಅವರ ಖಾತೆಯಲ್ಲಿದೆ, ಕೊನೆಗೆ ಅದು ಯೂರೋ ವಲಯದ ಯಾವುದೋ ಒಂದು ಬ್ಯಾಂಕಿನ ಮೀಸಲಾಗಿ ಇಸಿಬಿಯ ಪುಸ್ತಕದಲ್ಲೇ ಕೂತಿದೆ. ಕೇಂದ್ರ ಬ್ಯಾಂಕ್ ತಾನೇ ಹಿಂದಕ್ಕೆ ಪಡೆಯುವವರೆಗೆ ಆ ಮೊತ್ತ ಕರಗುವುದಿಲ್ಲ. ಒಬ್ಬೊಬ್ಬರಾಗಿ ಯಾರು ಬೇಕಾದರೂ ಯೂರೋದಿಂದ ಹೊರಬರಬಹುದು, ಎಲ್ಲರೂ ಒಟ್ಟಿಗೆ ಹೊರಬರಲು ದಾರಿಯಿಲ್ಲ. ಎಲ್ಲರಿಗೂ ಒಂದೇ ಕಡೆ ಹೋಗುವ ಮನಸ್ಸಾಗಿ ಯಾರಿಗೂ ಹೋಗಲು ಜಾಗವಿಲ್ಲದಾಗ ಬದಲಾಗಬಹುದಾದದ್ದು ಬೆಲೆ ಮಾತ್ರ. ‘ಇಷ್ಟು ಅಗ್ಗವಾದರೆ ನಾನು ಇಟ್ಟುಕೊಳ್ಳುತ್ತೇನೆ’ ಎಂದು ಸಾಕಷ್ಟು ಜನ ಹೇಳುವ ತನಕ ಯೂರೋ ಇಳಿಯುತ್ತದೆ. ದೊಡ್ಡ ಹಣ ದೇಶ ದಾಟುವ ಮುನ್ನವೇ ದರ ಕುಸಿಯಲು ಸಾಧ್ಯವಾಗುವುದೂ ಇದರಿಂದಲೇ. ಕೊಳ್ಳುವವರೂ ಮಾರುವವರೂ ಒಂದೇ ಸುದ್ದಿ ಕೇಳಿರುತ್ತಾರೆ, ಇಬ್ಬರೂ ಒಟ್ಟಿಗೇ ಬೆಲೆ ಬದಲಿಸುತ್ತಾರೆ.

ಎಷ್ಟು ಅಗ್ಗವಾಗಬೇಕು? ಇದಕ್ಕೆ ಒಂದು ಸರಳ ಲೆಕ್ಕವಿದೆ. ಖರೀದಿಯ ಸುದ್ದಿಗೆ ಮೊದಲು ಹೂಡಿಕೆದಾರರಿಗೆ ಜರ್ಮನ್ ಬಾಂಡೂ ಅಮೆರಿಕದ ಬಾಂಡೂ, ಎಲ್ಲ ಲೆಕ್ಕ ಹಾಕಿದ ಮೇಲೆ, ಸಮ ಅನ್ನಿಸಿತ್ತು ಎಂದುಕೊಳ್ಳಿ. ಸುದ್ದಿ ಬಂದು ಜರ್ಮನ್ ಇಳುವರಿ ಶೇ 1ರಿಂದ ಶೇ 0.5ಕ್ಕೆ ಇಳಿಯಿತು, ಅಮೆರಿಕದ್ದು ಅಲುಗಲಿಲ್ಲ. ಈಗ ಜರ್ಮನ್ ಬಾಂಡ್ ಹಿಡಿದವರಿಗೆ ವರ್ಷಕ್ಕೆ ಅರ್ಧ ಶೇಕಡಾ ನಷ್ಟ, ಹತ್ತು ವರ್ಷಕ್ಕೆ ಹತ್ತಿರ ಹತ್ತಿರ ಶೇ 5. ಈ ನಷ್ಟ ತುಂಬುವ ದಾರಿ ಒಂದೇ. ಮುಂದಿನ ಹತ್ತು ವರ್ಷದಲ್ಲಿ ಯೂರೋ ಸುಮಾರು ಶೇ 5ರಷ್ಟು ಏರಲಿದೆ ಎಂಬ ನಿರೀಕ್ಷೆ ಹುಟ್ಟಬೇಕು. ಹತ್ತು ವರ್ಷದ ಆಚೆ ಯೂರೋ ಎಲ್ಲಿರುತ್ತದೆ ಎಂಬ ಜನರ ಅಂದಾಜು ಬದಲಾಗಿಲ್ಲವಾದರೆ, ಅಂಥ ಏರಿಕೆಗೆ ಜಾಗ ಸಿಗಬೇಕಾದರೆ ಯೂರೋ ಇವತ್ತೇ ಶೇ 5ರಷ್ಟು ಕೆಳಗೆ ಹೋಗಿ ನಿಲ್ಲಬೇಕು.

ಇದು ಮೊದಲ ಸಲ ಓದಿದಾಗ ತಲೆಕೆಳಗಾಗಿ ಕಾಣುತ್ತದೆ. ಕಡಿಮೆ ಬಡ್ಡಿಯ ಕರೆನ್ಸಿ ಈಗ ಬೀಳುವುದು, ಮುಂದೆ ನಿಧಾನವಾಗಿ ಏರಲು ಅವಕಾಶ ಇರಲಿ ಎಂದು. ಆದರೆ ಬೀಳುವಿಕೆ ಒಂದೇ ನೆಗೆತದಲ್ಲಿ ಆಗಿ ಮುಗಿಯುವುದೂ, ಆಮೇಲೆ ಖರೀದಿ ತಿಂಗಳುಗಟ್ಟಲೆ ನಡೆದರೂ ಅದೇ ದಿಕ್ಕಿನಲ್ಲಿ ಮುಂದುವರಿಯದೇ ಇರುವುದೂ ಇದರಿಂದ ಅರ್ಥವಾಗುತ್ತದೆ. ಇನ್ನೊಂದು ಮಾತೂ ಈ ಲೆಕ್ಕದಲ್ಲೇ ಅಡಗಿದೆ. ಅರ್ಧ ಶೇಕಡಾ ವ್ಯತ್ಯಾಸ ಮೂರೇ ವರ್ಷ ಇರುತ್ತದೆ ಎಂದು ಜನ ನಂಬಿದರೆ ಯೂರೋ ಇಳಿಯಬೇಕಾದದ್ದು ಶೇ 1.5 ಮಾತ್ರ. ಅಂದರೆ ಬಡ್ಡಿ ಎಷ್ಟು ಇಳಿಯಿತು ಎನ್ನುವಷ್ಟೇ, ಎಷ್ಟು ಕಾಲ ಇಳಿದಿರುತ್ತದೆ ಎನ್ನುವುದೂ ಮುಖ್ಯ.

ಬಾಂಡ್ ಖರೀದಿಗೆ ಸಾಮಾನ್ಯ ದರ ಕಡಿತಕ್ಕಿಂತ ಹೆಚ್ಚು ಹೊಡೆತ ಬರುವುದು ಇಲ್ಲೇ. ಕೇಂದ್ರ ಬ್ಯಾಂಕ್ ಒಂದು ದಿನದ ಬಡ್ಡಿ ದರ ಇಳಿಸಿದರೆ ಮುಂದಿನ ಸಭೆಯಲ್ಲೇ ಏರಿಸಲೂಬಹುದು. ಲಕ್ಷ ಕೋಟಿ ಲೆಕ್ಕದಲ್ಲಿ ಬಾಂಡ್ ಕೊಳ್ಳುತ್ತೇನೆ, ಇಂಥ ತಿಂಗಳವರೆಗೆ ಕೊಳ್ಳುತ್ತೇನೆ ಎಂದು ಹೇಳಿದರೆ ಅದರೊಳಗೆ ಒಂದು ಮಾತು ಕೊಟ್ಟ ಹಾಗಾಗುತ್ತದೆ: ಖರೀದಿ ಮುಗಿಯುವ ತನಕವಂತೂ ದರ ಏರಿಸುವುದಿಲ್ಲ, ಮುಗಿದ ಮೇಲೂ ಸ್ವಲ್ಪ ಕಾಲ ಏರಿಸುವುದಿಲ್ಲ. ಒಂದು ಕೈಯಲ್ಲಿ ಬಾಂಡ್ ಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ದರ ಏರಿಸಿದರೆ ತಾನು ಕೊಂಡ ಬಾಂಡಿನ ಬೆಲೆಯನ್ನು ತಾನೇ ಬೀಳಿಸಿದಂತೆ. ಮಾರುಕಟ್ಟೆಗೆ ಇದು ಗೊತ್ತು. ಹಾಗಾಗಿ ಖರೀದಿ ಎರಡು ಕಡೆಯಿಂದ ದೀರ್ಘಾವಧಿಯ ಇಳುವರಿಯನ್ನು ಒತ್ತುತ್ತದೆ. ಒಂದು, ಉದ್ದ ಅವಧಿಯ ಕಾಗದ ಮಾರುಕಟ್ಟೆಯಲ್ಲಿ ವಿರಳವಾಗುತ್ತದೆ. ಇನ್ನೊಂದು, ಅಲ್ಪಾವಧಿಯ ದರ ಬಹುಕಾಲ ನೆಲಕಚ್ಚಿರುತ್ತದೆ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ವಿನಿಮಯ ದರದ ಮಟ್ಟಿಗೆ ಎರಡನೆಯದೇ ಬಲವಾದದ್ದು ಎಂಬುದು ನನ್ನ ಅಭಿಪ್ರಾಯ. ಖರೀದಿ ಘೋಷಣೆಯಾದಾಗ ನಾನು ಮೊತ್ತಕ್ಕಿಂತ ಮೊದಲು ನೋಡುವುದು ಕೊನೆಯ ದಿನಾಂಕವನ್ನು.

ಈಗ ನೀವು ಕೇಳಿದ ಪ್ರಸಂಗಕ್ಕೆ ಬರೋಣ. 2014ರ ಮೇ ಆರಂಭದಲ್ಲಿ ಒಂದು ಯೂರೋ ಸುಮಾರು 1.39 ಡಾಲರ್ ಇತ್ತು. ಜೂನ್‌ನಲ್ಲಿ ಇಸಿಬಿ ಠೇವಣಿ ದರವನ್ನು ಮೊದಲ ಬಾರಿ ಸೊನ್ನೆಗಿಂತ ಕೆಳಕ್ಕೆ, ಮೈನಸ್ ಶೇ 0.10ಕ್ಕೆ ಇಳಿಸಿತು. ಸೆಪ್ಟೆಂಬರ್‌ನಲ್ಲಿ ಮತ್ತೆ ಕೆಳಗಿಳಿದು ಮೈನಸ್ ಶೇ 0.20 ಆಯಿತು. ಈ ನಡುವೆ ಆಗಸ್ಟ್ 22ರಂದು ಅಮೆರಿಕದ ಜಾಕ್ಸನ್ ಹೋಲ್‌ನಲ್ಲಿ ಇಸಿಬಿಯ ಆಗಿನ ಅಧ್ಯಕ್ಷ ಮಾರಿಯೋ ದ್ರಾಗಿ ಮಾಡಿದ ಭಾಷಣ ಕೇಳಿದವರಿಗೆ, ದೊಡ್ಡ ಖರೀದಿ ಬರುವುದು ಬಹುತೇಕ ಖಚಿತ ಅನ್ನಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ತನ್ನ ಮೂರನೇ ಸುತ್ತಿನ ಖರೀದಿಯನ್ನು ಮುಗಿಸಿತು. ಒಂದು ಬ್ಯಾಂಕ್ ಬಾಗಿಲು ಮುಚ್ಚುತ್ತಿದೆ, ಇನ್ನೊಂದು ತೆರೆಯುತ್ತಿದೆ. ಕೊನೆಗೆ 2015ರ ಜನವರಿ 22ರಂದು ಇಸಿಬಿ ತಿಂಗಳಿಗೆ 6,000 ಕೋಟಿ ಯೂರೋಗಳ ಖರೀದಿಯನ್ನು ಘೋಷಿಸಿತು, ಮಾರ್ಚ್‌ನಿಂದ ಆರಂಭ, ಕನಿಷ್ಠ 2016ರ ಸೆಪ್ಟೆಂಬರ್‌ವರೆಗೆ. ಆ ದಿನ ಯೂರೋ ಸುಮಾರು 1.16 ಡಾಲರಿನಿಂದ 1.14ರ ಕೆಳಗಿಳಿಯಿತು.

ಈ ಸಾಲನ್ನು ಮತ್ತೊಮ್ಮೆ ನೋಡಿ. 1.39ರಿಂದ 1.16ರವರೆಗಿನ ಇಳಿತ ಘೋಷಣೆಗೆ ಮೊದಲೇ ಆಗಿಹೋಗಿತ್ತು. ಘೋಷಣೆಯ ದಿನದ ಪಾಲು ಎರಡು ಸೆಂಟ್ ಚಿಲ್ಲರೆ. ಖರೀದಿ ನಿಜಕ್ಕೂ ಶುರುವಾದದ್ದು ಮಾರ್ಚ್ 9ರಂದು, ಯೂರೋ ತಳ ಮುಟ್ಟಿದ್ದು ಅದಾದ ಒಂದೇ ವಾರದಲ್ಲಿ, 1.05ರ ಹತ್ತಿರ. ಆಮೇಲೆ ತಿಂಗಳಿಗೆ 6,000 ಕೋಟಿಯಂತೆ ಖರೀದಿ ಸಾಗುತ್ತಿದ್ದರೂ ಮೇ ತಿಂಗಳ ಹೊತ್ತಿಗೆ ಯೂರೋ ಮತ್ತೆ 1.14ಕ್ಕೆ ಬಂದಿತ್ತು.

ಮೇಲಿನ ಸರಳ ಲೆಕ್ಕವನ್ನು ಇಲ್ಲಿ ಇಟ್ಟು ನೋಡೋಣ. 2014ರ ಮೇನಲ್ಲಿ ಹತ್ತು ವರ್ಷದ ಅಮೆರಿಕ ಮತ್ತು ಜರ್ಮನ್ ಬಾಂಡುಗಳ ಇಳುವರಿಯ ಅಂತರ ಸುಮಾರು ಶೇ 1.15. 2015ರ ಮಾರ್ಚ್ ಮಧ್ಯದಲ್ಲಿ ಸುಮಾರು ಶೇ 1.8. ಅಂತರ ಹಿಗ್ಗಿದ್ದು ಶೇ 0.65. ಹತ್ತರಿಂದ ಗುಣಿಸಿದರೆ ಶೇ 6.5. ಯೂರೋ ನಿಜವಾಗಿ ಬಿದ್ದದ್ದು ಶೇ 25ರ ಹತ್ತಿರ. ಲೆಕ್ಕ ದಿಕ್ಕನ್ನು ಸರಿಯಾಗಿ ಹೇಳಿತು, ದೂರವನ್ನು ಹೇಳಲಿಲ್ಲ. ಉಳಿದದ್ದು ಎಲ್ಲಿಂದ ಬಂತು? ಹತ್ತು ವರ್ಷದ ಆಚೆ ಯೂರೋ ಎಲ್ಲಿರುತ್ತದೆ ಎಂಬ ಅಂದಾಜು ಬದಲಾಗಿಲ್ಲ ಎಂದು ನಾವು ಊಹಿಸಿದ್ದೆವಲ್ಲ, ಆ ಊಹೆಯೇ ಸಡಿಲಾಗಿತ್ತು. ಯೂರೋ ವಲಯದ ಬೆಳವಣಿಗೆಯ ಬಗ್ಗೆ ನಂಬಿಕೆ ಕುಂದಿತ್ತು, 2015ರ ಜನವರಿ 25ರ ಚುನಾವಣೆಯ ನಂತರ ಗ್ರೀಸ್ ಯೂರೋದಲ್ಲಿ ಉಳಿಯುತ್ತದೋ ಇಲ್ಲವೋ ಎಂಬ ಅಳುಕು ಮತ್ತೆ ಎದ್ದಿತ್ತು, ಡಾಲರ್ ಯೂರೋ ಒಂದರ ಎದುರಲ್ಲದೆ ಬಹುತೇಕ ಎಲ್ಲ ಕರೆನ್ಸಿಗಳ ಎದುರೂ ಏರುತ್ತಿತ್ತು. ಆದ್ದರಿಂದ ಆ ಶೇ 25ನ್ನೂ ಬಾಂಡ್ ಖರೀದಿಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಇಂಥ ಸಂದರ್ಭಗಳಲ್ಲಿ ಅರ್ಥಶಾಸ್ತ್ರಜ್ಞರು ಘೋಷಣೆಯ ಆಸುಪಾಸಿನ ಕೆಲವು ಗಂಟೆಗಳನ್ನೇ ಹಿಡಿದು ಅಳೆಯುವುದು ಅದಕ್ಕೇ. ಅಷ್ಟು ಚಿಕ್ಕ ಅವಧಿಯಲ್ಲಿ ಬೇರೆ ಕಾರಣಗಳು ನುಸುಳುವುದು ಕಡಿಮೆ. ಅದರ ಕೊರತೆಯೂ ಸ್ಪಷ್ಟ: ದ್ರಾಗಿಯ ಆಗಸ್ಟ್ ಭಾಷಣದಿಂದಲೇ ದರದೊಳಗೆ ಸೇರಿಕೊಂಡ ಪಾಲು ಜನವರಿಯ ಅಳತೆಗೆ ಸಿಗುವುದಿಲ್ಲ.

ಯೂರೋ ಮಾರಿದವರು ಯಾರು ಎಂದು ಕೇಳಿದರೆ ಪಿಂಚಣಿ ನಿಧಿಗಳಷ್ಟೇ ಅಲ್ಲ. ಇಸಿಬಿಗೆ ಬಾಂಡ್ ಮಾರಿದವರಲ್ಲಿ ದೊಡ್ಡ ಪಾಲು ಯೂರೋ ವಲಯದ ಹೊರಗಿನವರದು. ಅವರಲ್ಲಿ ಎಷ್ಟೋ ಮಂದಿಗೆ ಯೂರೋ ಠೇವಣಿ ಇಟ್ಟುಕೊಳ್ಳುವ ಕಾರಣವೇ ಇರಲಿಲ್ಲ, ಬಾಂಡ್ ಹೋದ ಕೂಡಲೇ ತಮ್ಮ ಕರೆನ್ಸಿಗೆ ಮರಳಿದರು. ಸಾಲಗಾರರ ಕಡೆಯಿಂದಲೂ ಒತ್ತಡ ಬಂತು. ಯೂರೋದಲ್ಲಿ ಸಾಲ ಅಷ್ಟು ಅಗ್ಗವಾದಾಗ ಅಮೆರಿಕದ ದೊಡ್ಡ ಕಂಪನಿಗಳು ಯುರೋಪಿಗೆ ಬಂದು ಬಾಂಡ್ ಹೊರಡಿಸಿದವು. ಕೋಕಾ-ಕೋಲಾ 2015ರ ಆರಂಭದಲ್ಲಿ 850 ಕೋಟಿ ಯೂರೋ ಎತ್ತಿತು. ಹೀಗೆ ಎತ್ತಿದ ಯೂರೋವನ್ನು ಡಾಲರಿಗೆ ಬದಲಾಯಿಸಿದರೆ ಅದೂ ಯೂರೋ ಮಾರಾಟವೇ. ಬಂಡವಾಳ ಹೂಡುವವರು ಕಡಿಮೆ ಬಡ್ಡಿಯ ಕರೆನ್ಸಿಯಿಂದ ಹೊರಡುತ್ತಾರೆ, ಸಾಲ ಮಾಡುವವರು ಅದೇ ಕರೆನ್ಸಿಗೆ ಬರುತ್ತಾರೆ. ಇಬ್ಬರೂ ವಿನಿಮಯ ಮಾರುಕಟ್ಟೆಯಲ್ಲಿ ಮಾಡುವ ಕೆಲಸ ಒಂದೇ.

ಇದರಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಪಿಂಚಣಿ ನಿಧಿ ಇವತ್ತು ಯೂರೋ ಮಾರಿ ಡಾಲರ್ ಕೊಳ್ಳುವಾಗಲೇ, ಮೂರು ತಿಂಗಳ ನಂತರ ಇವತ್ತೇ ಗೊತ್ತುಮಾಡಿದ ದರದಲ್ಲಿ ಡಾಲರ್ ಮಾರಿ ಯೂರೋ ಕೊಳ್ಳುವ ಫಾರ್ವರ್ಡ್ ಒಪ್ಪಂದವನ್ನೂ ಮಾಡಿಕೊಂಡಿತು ಎನ್ನಿ. ವಿನಿಮಯ ದರ ಎತ್ತ ಹೋದರೂ ತನಗೆ ಪೆಟ್ಟಾಗಬಾರದು ಎಂಬ ರಕ್ಷಣೆ ಅದು. ಆಗ ಒಂದು ಕಡೆ ಮಾರಾಟ, ಇನ್ನೊಂದು ಕಡೆ ಅಷ್ಟೇ ಖರೀದಿ. ಒಪ್ಪಂದದ ಆಚೆ ಬದಿಯ ಬ್ಯಾಂಕ್ ತನ್ನ ಅಪಾಯ ತೀರಿಸಿಕೊಳ್ಳಲು ಇವತ್ತೇ ಯೂರೋ ಕೊಳ್ಳುತ್ತದೆ, ಹೀಗಾಗಿ ಇವತ್ತಿನ ವಿನಿಮಯ ದರದ ಮೇಲೆ ಬೀಳುವ ಒಟ್ಟು ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ಒತ್ತಡ ಬೇರೆ ಜಾಗಕ್ಕೆ ಹೋಗುತ್ತದೆ: ಯೂರೋ ಕೊಟ್ಟು ತಾತ್ಕಾಲಿಕವಾಗಿ ಡಾಲರ್ ಪಡೆಯಲು ಬಡ್ಡಿ ವ್ಯತ್ಯಾಸದ ಮೇಲೆ ತೆರಬೇಕಾದ ಹೆಚ್ಚುವರಿ ಬೆಲೆ ಏರುತ್ತದೆ. 2015ರಲ್ಲಿ ಯೂರೋ ಮತ್ತು ಯೆನ್ ಎರಡರಲ್ಲೂ ಹೀಗಾಯಿತು. ಎಷ್ಟು ಕೋಟಿ ಹೊರದೇಶದ ಬಾಂಡಿಗೆ ಹೋಯಿತು ಎಂಬ ಅಂಕಿಯಿಂದ ನೇರವಾಗಿ ಕರೆನ್ಸಿ ಎಷ್ಟು ಬೀಳಬೇಕು ಎಂದು ಲೆಕ್ಕ ಹಾಕಲಾಗದು. ರಕ್ಷಣೆಯಿಲ್ಲದೆ ಹೋದ ಹಣ ಮಾತ್ರ ದರವನ್ನು ಅಲುಗಿಸುತ್ತದೆ.

ಈಗ ಅದೇ ವರ್ಷದ ಇನ್ನೊಂದು ದಿನ. 2015ರ ಡಿಸೆಂಬರ್ 3. ಅಕ್ಟೋಬರ್ 22ರಂದು ದ್ರಾಗಿ, ಡಿಸೆಂಬರ್‌ನಲ್ಲಿ ಇನ್ನಷ್ಟು ಸಡಿಲ ಮಾಡುವ ಸೂಚನೆ ಕೊಟ್ಟಿದ್ದರು. ಅಂದಿನಿಂದಲೇ ಯೂರೋ ಜಾರಲು ತೊಡಗಿ 1.13ರಿಂದ 1.06ರ ಹತ್ತಿರ ಬಂದಿತ್ತು. ತಿಂಗಳ ಖರೀದಿಯ ಮೊತ್ತವೇ ಹೆಚ್ಚಾಗುತ್ತದೆ ಎಂದು ಮಾರುಕಟ್ಟೆ ಕಾದು ಕುಳಿತಿತ್ತು. ಸಭೆ ಮುಗಿದಾಗ ಬಂದದ್ದು ಇಷ್ಟು: ಠೇವಣಿ ದರ ಮೈನಸ್ ಶೇ 0.30ಕ್ಕೆ, ಖರೀದಿ ಆರು ತಿಂಗಳು ವಿಸ್ತರಣೆಯಾಗಿ 2017ರ ಮಾರ್ಚ್‌ವರೆಗೆ, ತಿಂಗಳ ಮೊತ್ತ ಅದೇ 6,000 ಕೋಟಿ. ಕೂಡಿ ನೋಡಿದರೆ ಇದು ಹೆಚ್ಚುವರಿಯಾಗಿ 36,000 ಕೋಟಿ ಯೂರೋ ಖರೀದಿ, ಜೊತೆಗೆ ದರ ಕಡಿತ. ಪ್ರಮಾಣದ ಸಿದ್ಧಾಂತ ನಂಬಿದವರ ಪ್ರಕಾರ ಯೂರೋ ಬೀಳಬೇಕಿತ್ತು. ಅದು ಒಂದೇ ದಿನದಲ್ಲಿ ಸುಮಾರು ಶೇ 3 ಏರಿ 1.09 ದಾಟಿತು. ಹತ್ತು ವರ್ಷದ ಜರ್ಮನ್ ಇಳುವರಿ ಸುಮಾರು ಶೇ 0.2 ಮೇಲೆ ಹೋಯಿತು.

ಬಂದದ್ದು ದೊಡ್ಡದೇ, ಆದರೆ ಕಾದದ್ದಕ್ಕಿಂತ ಚಿಕ್ಕದು. ಬೆಲೆಯೊಳಗೆ ಆಗಲೇ ಸೇರಿದ್ದ ನಿರೀಕ್ಷೆಯ ಒಂದು ಭಾಗವನ್ನು ಮಾರುಕಟ್ಟೆ ಹಿಂದಕ್ಕೆ ತೆಗೆಯಿತು. ಅಂದು ಅಮೆರಿಕದ ಇಳುವರಿಯೂ ಏರಿತು, ಆದ್ದರಿಂದ ಎರಡರ ಅಂತರ ಕುಗ್ಗಿದ್ದು ಸ್ವಲ್ಪವೇ, ಶೇ 3ರ ಏರಿಕೆಗೆ ಅದೊಂದೇ ಸಾಲುವುದಿಲ್ಲ. ಯೂರೋ ಬೀಳುತ್ತದೆ ಎಂದು ಮುಂಗಡವಾಗಿ ಮಾರಿ ಕುಳಿತಿದ್ದವರು ನಷ್ಟ ತಪ್ಪಿಸಿಕೊಳ್ಳಲು ಒಟ್ಟಿಗೇ ಕೊಳ್ಳಲು ಮುಗಿಬಿದ್ದದ್ದು ಉಳಿದ ಭಾಗವನ್ನು ವಿವರಿಸುತ್ತದೆ. ಎಲ್ಲರೂ ಒಂದೇ ದಿಕ್ಕಿಗೆ ಪಣ ಕಟ್ಟಿರುವಾಗ ಇಂಥ ತಿರುಗೇಟು ಸಾಮಾನ್ಯ.

2017 ಇದೇ ಕಥೆಯ ನಿಧಾನ ರೂಪ. ಆ ವರ್ಷದ ಆರಂಭದಲ್ಲಿ ಯೂರೋ 1.05ರ ಹತ್ತಿರ, ಕೊನೆಯಲ್ಲಿ 1.20. ಖರೀದಿ ಈ ನಡುವೆ ಹೆಚ್ಚಾಗಿ ಮಾರ್ಚ್‌ವರೆಗೆ ತಿಂಗಳಿಗೆ 8,000 ಕೋಟಿ, ಆಮೇಲೆ 6,000 ಕೋಟಿ. ಅದೂ ಅಲ್ಲದೆ ಫೆಡ್ ಆ ವರ್ಷ ಮೂರು ಬಾರಿ ದರ ಏರಿಸಿತು. ಅವತ್ತಿನ ಬಡ್ಡಿ ಅಂತರವನ್ನಷ್ಟೇ ನೋಡಿದರೆ ಯೂರೋ ಏರುವುದಕ್ಕೆ ಕಾರಣವೇ ಕಾಣುವುದಿಲ್ಲ. ಆದರೆ ಜನ ನೋಡುತ್ತಿದ್ದದ್ದು ಮುಂದಿನ ವರ್ಷಗಳನ್ನು. ಮೇನಲ್ಲಿ ಫ್ರಾನ್ಸ್ ಅಧ್ಯಕ್ಷ ಚುನಾವಣೆ ಮುಗಿದು ಯೂರೋ ಒಡೆಯುವ ಭಯ ತಗ್ಗಿತು, ಯುರೋಪಿನ ಆರ್ಥಿಕತೆ ಚೇತರಿಸಿತು, ಜೂನ್ 27ರಂದು ಪೋರ್ಚುಗಲ್‌ನ ಸಿಂಟ್ರಾದಲ್ಲಿ ದ್ರಾಗಿ ಆಡಿದ ಮಾತುಗಳನ್ನು ಕೇಳಿ ‘ಇನ್ನು ಖರೀದಿ ಕಡಿಮೆಯಾಗಲಿದೆ’ ಎಂದು ಮಾರುಕಟ್ಟೆ ಅರ್ಥಮಾಡಿಕೊಂಡಿತು. ಅಕ್ಟೋಬರ್‌ನಲ್ಲಿ ಅದು ಅಧಿಕೃತವಾಯಿತು, 2018ರ ಜನವರಿಯಿಂದ ತಿಂಗಳಿಗೆ 3,000 ಕೋಟಿ. ನಡೆಯುತ್ತಿದ್ದ ಖರೀದಿ ಎಲ್ಲರಿಗೂ ಗೊತ್ತಿದ್ದದ್ದು, ಅದರ ಪರಿಣಾಮ 2014-15ರಲ್ಲೇ ದರದೊಳಗೆ ಸೇರಿತ್ತು. ಹೊಸದಾಗಿದ್ದದ್ದು ಅದರ ಅಂತ್ಯದ ಸುಳಿವು.

ಈ ಇಡೀ ವಿವರಣೆ ಒಂದು ಕರೆನ್ಸಿಯನ್ನು ಇನ್ನೊಂದರ ಜೊತೆ ಇಟ್ಟು ತೂಗುವುದು ಎಂಬುದನ್ನು ಮರೆಯಬಾರದು. ಎರಡೂ ಕಡೆಯ ಕೇಂದ್ರ ಬ್ಯಾಂಕುಗಳು ಒಟ್ಟಿಗೆ ಕೊಂಡರೆ ಅಂತರ ಬದಲಾಗದೇ ಇರಬಹುದು. ಅಲ್ಲದೆ ಭಯ ಆವರಿಸಿದಾಗ ಆದಾಯದ ಲೆಕ್ಕ ಹಿಂದೆ ಸರಿಯುತ್ತದೆ. 2020ರ ಮಾರ್ಚ್ 15ರಂದು ಫೆಡ್ ಕನಿಷ್ಠ 70,000 ಕೋಟಿ ಡಾಲರ್ ಮೊತ್ತದ ಖರೀದಿ ಘೋಷಿಸಿತು. ಅದರ ಮುಂದಿನ ದಿನಗಳಲ್ಲಿ ಡಾಲರ್ ಬೀಳುವ ಬದಲು ಏರಿತು. ಜಗತ್ತಿನಾದ್ಯಂತ ಡಾಲರ್ ಸಾಲ ಹೊತ್ತವರಿಗೆ ಅಂದು ಬೇಕಿದ್ದದ್ದು ಆದಾಯವಲ್ಲ, ಕೈಯಲ್ಲಿ ಡಾಲರ್. ಫೆಡ್ ಇತರ ಕೇಂದ್ರ ಬ್ಯಾಂಕುಗಳಿಗೆ ಡಾಲರ್ ಒದಗಿಸುವ ವ್ಯವಸ್ಥೆಯನ್ನು ಹಿಗ್ಗಿಸಿ, ಮಾರ್ಚ್ 23ರಂದು ಮಿತಿಯಿಲ್ಲದ ಖರೀದಿಗೂ ಒಪ್ಪಿದ ಮೇಲೆ ಆತಂಕ ತಣಿಯಿತು, ವರ್ಷದ ಉಳಿದ ಭಾಗದಲ್ಲಿ ಡಾಲರ್ ಇಳಿಯಿತು.

ಪ್ರಮಾಣದ ಸಿದ್ಧಾಂತದಲ್ಲಿ ಏನೂ ಹುರುಳಿಲ್ಲ ಎಂದು ನಾನು ಹೇಳುತ್ತಿಲ್ಲ. ಸರ್ಕಾರದ ಖರ್ಚಿಗೆ ಹಣ ಒದಗಿಸಲೆಂದೇ ಕೇಂದ್ರ ಬ್ಯಾಂಕ್ ಬಾಂಡ್ ಕೊಳ್ಳುತ್ತಿದೆ, ಬೆಲೆಯೇರಿಕೆ ಎಷ್ಟಾದರೂ ನಿಲ್ಲಿಸುವುದಿಲ್ಲ ಎಂದು ಜನ ನಂಬಿದರೆ ಹತ್ತು ವರ್ಷದ ಆಚೆಯ ಕರೆನ್ಸಿಯ ಬೆಲೆಯ ಅಂದಾಜೇ ಕುಸಿಯುತ್ತದೆ. ಅಂಥ ಕುಸಿತವನ್ನು ಗುರುತಿಸುವುದು ಸುಲಭ: ಕರೆನ್ಸಿ ಬೀಳುವಾಗ ದೀರ್ಘಾವಧಿಯ ಇಳುವರಿ ಇಳಿಯುವ ಬದಲು ಏರುತ್ತಿರುತ್ತದೆ. 2014-15ರಲ್ಲಿ ಜರ್ಮನ್ ಇಳುವರಿಯೂ ಯೂರೋವೂ ಜೊತೆಜೊತೆಗೆ ಇಳಿದವು. ಅದು ಆದಾಯದ ಲೆಕ್ಕ ಕೆಲಸ ಮಾಡುತ್ತಿದೆ ಎಂಬುದಕ್ಕೆ ಗುರುತು.

ಮೊತ್ತ ಮುಖ್ಯವೋ ಆದಾಯ ಮುಖ್ಯವೋ ಎಂಬುದನ್ನು ಬೇರ್ಪಡಿಸಿ ತೋರಿಸುವ ಅತ್ಯುತ್ತಮ ಉದಾಹರಣೆ ಮಾತ್ರ ಯೂರೋದ್ದಲ್ಲ, ಜಪಾನಿನದು. 2022ರಲ್ಲಿ ಬ್ಯಾಂಕ್ ಆಫ್ ಜಪಾನ್ ಇಂತಿಷ್ಟೇ ಕೊಳ್ಳುತ್ತೇನೆ ಎನ್ನುತ್ತಿರಲಿಲ್ಲ. ಹತ್ತು ವರ್ಷದ ಇಳುವರಿ ಶೇ 0.25 ದಾಟದಂತೆ ಬೇಕಾದಷ್ಟು ಕೊಳ್ಳುತ್ತೇನೆ ಎನ್ನುತ್ತಿತ್ತು. ಅಮೆರಿಕದಲ್ಲಿ ದರಗಳು ಏರಿದಂತೆ ಎರಡರ ಅಂತರ ತಾನಾಗಿ ಹಿಗ್ಗಿತು. ವರ್ಷದ ಆರಂಭದಲ್ಲಿ ಒಂದು ಡಾಲರಿಗೆ 115ರಷ್ಟಿದ್ದ ಯೆನ್ ಅಕ್ಟೋಬರ್‌ನಲ್ಲಿ 150 ದಾಟಿತು, ಹೊಸ ಖರೀದಿ ಯೋಜನೆ ಯಾವುದೂ ಘೋಷಣೆಯಾಗದೆಯೇ. ಸರ್ಕಾರ ಸೆಪ್ಟೆಂಬರ್‌ನಲ್ಲಿ ಡಾಲರ್ ಮಾರಿ ಯೆನ್ ಕೊಂಡು ತಡೆಯಲು ನೋಡಿತು, ಕುಸಿತ ಕೆಲವು ದಿನ ನಿಂತು ಮತ್ತೆ ಮುಂದುವರಿಯಿತು. ಡಿಸೆಂಬರ್ 20ರಂದು ಬ್ಯಾಂಕ್ ಒಂದೇ ಸಭೆಯಲ್ಲಿ ಎರಡು ತೀರ್ಮಾನ ಮಾಡಿತು. ತಿಂಗಳ ಬಾಂಡ್ ಖರೀದಿಯನ್ನು 7.3 ಲಕ್ಷ ಕೋಟಿ ಯೆನ್‌ನಿಂದ ಸುಮಾರು 9 ಲಕ್ಷ ಕೋಟಿಗೆ ಹೆಚ್ಚಿಸಿತು. ಇಳುವರಿಯ ಮೇಲ್ಮಿತಿಯನ್ನು ಶೇ 0.25ರಿಂದ ಶೇ 0.50ಕ್ಕೆ ಸಡಿಲಿಸಿತು. ಖರೀದಿ ಹೆಚ್ಚಿತು, ಆದಾಯವೂ ಹೆಚ್ಚಲು ದಾರಿಯಾಯಿತು. ಅಂದು ಬೆಳಿಗ್ಗೆ ಡಾಲರಿಗೆ 137ರಲ್ಲಿದ್ದ ಯೆನ್ ದಿನ ಮುಗಿಯುವಷ್ಟರಲ್ಲಿ 132ರ ಆಸುಪಾಸಿಗೆ ಬಲಗೊಂಡಿತ್ತು.